ಹತ್ತರಲ್ಲಿ ಒಂಬತ್ತು: ಪುಟ್ಟ ಸ್ಯಾಂಪಲ್‌ನಲ್ಲಿ ಪ್ರಮಾಣದ ವಿಶ್ವಾಸಾಂತರ ಬರೆಯುವ ಬಗೆ

ಒಂದು ಆ್ಯಪ್‌ನ ಹೊಸ ನೋಂದಣಿ ಪುಟವನ್ನು 10 ಜನರ ಮುಂದಿಟ್ಟು, ಯಾರ ಸಹಾಯವೂ ಇಲ್ಲದೆ ಫಾರ್ಮ್ ತುಂಬಿ ಮುಗಿಸಲು ಹೇಳಿದ್ದಾರೆ ಅಂದುಕೊಳ್ಳಿ. 9 ಜನ ಮುಗಿಸಿದರು, ಒಬ್ಬರ ಕೈಲಿ ಆಗಲಿಲ್ಲ. ವರದಿಯಲ್ಲಿ "ಯಶಸ್ಸಿನ ಪ್ರಮಾಣ 90%" ಎಂದಷ್ಟೇ ಬರೆದರೆ ಲೆಕ್ಕವೇನೋ ಸರಿ. ಆದರೆ ಓದುವವರಿಗೆ ಆ 90ರ ಹಿಂದೆ ಇರುವುದು ಬರೀ ಹತ್ತು ಜನ ಎಂಬುದು ಗೊತ್ತಾಗುವುದಿಲ್ಲ. ಇದೇ ಪುಟವನ್ನು ಸಾವಿರಾರು ಜನ ಬಳಸಿದಾಗ ಎಷ್ಟು ಮಂದಿ ಮುಗಿಸಬಹುದು ಎಂಬುದಕ್ಕೆ ಒಂದು ಕೆಳಮಿತಿ, ಒಂದು ಮೇಲ್ಮಿತಿ ಕೊಡಬೇಕು. ಅದೇ ವಿಶ್ವಾಸಾಂತರ. ಈ ಟಿಪ್ಪಣಿ ಪೂರ್ತಿ ಈ ಒಂದೇ ಉದಾಹರಣೆಯನ್ನು ಹಿಡಿದು ಹೋಗುತ್ತದೆ.

ಪಠ್ಯಪುಸ್ತಕದ ಸೂತ್ರ ಇಲ್ಲಿ ಏಕೆ ಕೈಕೊಡುತ್ತದೆ

ಎಲ್ಲರೂ ಮೊದಲು ಕಲಿಯುವ ಸೂತ್ರ ವಾಲ್ಡ್ ವಿಧಾನದ್ದು:

```
p̂ ± 1.96 × sqrt( p̂(1 − p̂) / n )
```

ಇಲ್ಲಿ p̂ ಎಂದರೆ ಸ್ಯಾಂಪಲ್‌ನಲ್ಲಿ ಕಂಡ ಪ್ರಮಾಣ, n ಎಂದರೆ ಜನರ ಸಂಖ್ಯೆ, 1.96 ಎಂಬುದು 95% ಅಂತರಕ್ಕೆ ಬಳಸುವ ಗುಣಕ. ನಮ್ಮ ಅಂಕಿಗಳನ್ನು ಹಾಕೋಣ. p̂ = 0.9, n = 10. ಸ್ಟಾಂಡರ್ಡ್ ಎರರ್ ಸುಮಾರು 0.095, ಅದನ್ನು 1.96ರಿಂದ ಗುಣಿಸಿದರೆ 0.186. ಅಂತರ 0.714ರಿಂದ 1.086. ಅಂದರೆ ನೂರಕ್ಕೆ 108 ಜನ ಫಾರ್ಮ್ ಮುಗಿಸಬಹುದು ಎಂದಾಯಿತು! ಹತ್ತಕ್ಕೆ ಹತ್ತೂ ಜನ ಮುಗಿಸಿದ್ದರೆ ಕಥೆ ಇನ್ನೂ ವಿಚಿತ್ರ: 1 − p̂ ಸೊನ್ನೆ, ಸ್ಟಾಂಡರ್ಡ್ ಎರರ್ ಸೊನ್ನೆ, ಅಂತರ 100%ರಿಂದ 100%. ಹತ್ತು ಜನರನ್ನು ನೋಡಿದ ಮಾತ್ರಕ್ಕೆ ಇಡೀ ಜಗತ್ತಿನ ಬಗ್ಗೆ ಎಳ್ಳಷ್ಟೂ ಅನುಮಾನ ಉಳಿದಿಲ್ಲ ಎಂದು ಸೂತ್ರ ಹೇಳುತ್ತಿದೆ.

1.086 ಅನ್ನು 1ಕ್ಕೆ ಕತ್ತರಿಸಿದರೆ ಸರಿಹೋಗುತ್ತದೆ ಎಂದು ಕೆಲವರು ಅಂದುಕೊಳ್ಳುತ್ತಾರೆ. ಅದರಿಂದ ಕಣ್ಣಿಗೆ ಕಾಣುವ ದೋಷ ಮರೆಯಾಗುತ್ತದೆ, ರೋಗ ಹಾಗೆಯೇ ಇರುತ್ತದೆ. ರೋಗ ಎಷ್ಟಿದೆ ಎಂದು ಕೈಲೆಕ್ಕದಲ್ಲೇ ನೋಡಬಹುದು. ನಿಜವಾದ ಪ್ರಮಾಣ 0.9 ಎಂದೇ ಇಟ್ಟುಕೊಳ್ಳಿ. ಹತ್ತು ಹತ್ತು ಜನರ ಸ್ಯಾಂಪಲ್‌ಗಳನ್ನು ಮತ್ತೆ ಮತ್ತೆ ತೆಗೆದರೆ, 95% ಎಂಬ ಹಣೆಪಟ್ಟಿ ಹೊತ್ತ ವಿಧಾನ ಸುಮಾರು 95% ಸಲವಾದರೂ 0.9 ಅನ್ನು ಒಳಗೊಳ್ಳಬೇಕು. ಹತ್ತಕ್ಕೆ ಹತ್ತೂ ಯಶಸ್ಸು ಬರುವ ಸಂಭವನೀಯತೆ 0.9ರ ಹತ್ತನೇ ಘಾತ, ಅಂದರೆ ಸುಮಾರು 0.349. ಅಷ್ಟೂ ಸಲ ವಾಲ್ಡ್ ಕೊಡುವುದು 100%–100%, ಅದರಲ್ಲಿ 0.9 ಇಲ್ಲ. 5 ಅಥವಾ ಅದಕ್ಕಿಂತ ಕಡಿಮೆ ಯಶಸ್ಸು ಬಂದಾಗಲೂ 0.9 ತಪ್ಪಿಹೋಗುತ್ತದೆ, ಆದರೆ ಅದು ಸಾವಿರಕ್ಕೆ ಒಂದೆರಡು ಸಲದ ಮಾತು. ಎರಡನ್ನೂ ಕಳೆದರೆ ಉಳಿಯುವುದು ಸುಮಾರು 65%. ಮೇಲಿನ ತುದಿಯನ್ನು 1ಕ್ಕೆ ಕತ್ತರಿಸಿದರೂ ಈ 65 ಕದಲುವುದಿಲ್ಲ.

ವಿಲ್ಸನ್ ಮಾಡಿದ್ದು ಏನು

ವಾಲ್ಡ್ ವಿಧಾನದ ಮೂಲ ದೋಷ ಸ್ಟಾಂಡರ್ಡ್ ಎರರ್ ಎಲ್ಲಿಂದ ಬಂತು ಎನ್ನುವುದರಲ್ಲಿದೆ. ಅದು p̂ಯನ್ನೇ ನಿಜ ಎಂದು ನಂಬಿ, ಅದರಿಂದಲೇ ಏರಿಳಿತವನ್ನು ಅಳೆಯುತ್ತದೆ. ಹತ್ತೇ ಜನರಿಂದ ಬಂದ p̂ ಅಷ್ಟು ನಂಬಿಕೆಗೆ ಅರ್ಹವಲ್ಲ. ಎಡ್ವಿನ್ ವಿಲ್ಸನ್ 1927ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು: ನಿಜವಾದ ಪ್ರಮಾಣ p ಆಗಿದ್ದರೆ, ನಾವು ಕಂಡ 0.9 ಅದರಿಂದ ಅತಿ ದೂರವೇ? ದೂರವಲ್ಲದ ಎಲ್ಲ p ಬೆಲೆಗಳನ್ನು ಒಟ್ಟುಗೂಡಿಸಿದರೆ ಅದೇ ಅಂತರ. ಸ್ಟಾಂಡರ್ಡ್ ಎರರ್ ಅನ್ನು ಆಯಾ p ಬೆಲೆಯಿಂದಲೇ ಲೆಕ್ಕ ಹಾಕಬೇಕು.

ಸೂತ್ರಕ್ಕೆ ಹೋಗುವ ಮೊದಲು ಇದನ್ನು ಒಂದೆರಡು ಬೆಲೆಗಳಲ್ಲಿ ಪರೀಕ್ಷಿಸಿ ನೋಡುವುದು ಒಳ್ಳೆಯದು. ಆಮೇಲೆ ಸೂತ್ರ ಮರೆತರೂ ವಿಚಾರ ಮರೆಯುವುದಿಲ್ಲ. p = 0.5 ಆಗಿದ್ದರೆ ಸ್ಟಾಂಡರ್ಡ್ ಎರರ್ 0.158, ಅದರ 1.96 ಪಟ್ಟು, ಅಂದರೆ ದೂರಕ್ಕೆ ಇರುವ ಅವಕಾಶ, 0.310. ನಾವು ಕಂಡ 0.9 ಅದರಿಂದ 0.4 ದೂರದಲ್ಲಿದೆ. ಹೊರಗೆ. p = 0.7ಕ್ಕೆ ಅವಕಾಶ 0.284, ದೂರ 0.2. ಒಳಗೆ. p = 0.6ಕ್ಕೆ ಅವಕಾಶ 0.304, ದೂರ 0.3, ಕೂದಲೆಳೆಯಲ್ಲಿ ಒಳಗೆ. p = 0.59ಕ್ಕೆ ಅವಕಾಶ 0.305, ದೂರ 0.31, ಹೊರಗೆ. ಕೆಳಮಿತಿ 0.59 ಮತ್ತು 0.60ರ ನಡುವೆ ಎಲ್ಲೋ ಇದೆ ಎಂದು ಸೂತ್ರವಿಲ್ಲದೆಯೇ ಸಿಕ್ಕಿತು. ಮೇಲಿನ ಕಡೆ 0.98 ಒಳಗಿದೆ, 0.99 ಹೊರಗಿದೆ. p ಎಂದೂ 1ನ್ನು ದಾಟಲಾರದು, ಹಾಗಾಗಿ 108%ರ ಪ್ರಶ್ನೆಯೇ ಏಳುವುದಿಲ್ಲ.

ಸೂತ್ರದ ರೂಪದಲ್ಲಿ:

```
center = (x + z²/2) / (n + z²)
half   = z / (n + z²) × sqrt( n·p̂(1 − p̂) + z²/4 )
```

x ಎಂದರೆ ಯಶಸ್ಸಿನ ಎಣಿಕೆ, ಇಲ್ಲಿ 9. z = 1.96 ಎಂದರೆ z² = 3.84. ಕೇಂದ್ರ 10.92 / 13.84 = 0.789. ಅರ್ಧ ಅಗಲ 0.193. ಅಂತರ 0.596ರಿಂದ 0.982. ಕೇಂದ್ರ 0.9ರಲ್ಲಿ ಇಲ್ಲ, 0.5ರ ಕಡೆಗೆ ಸರಿದಿದೆ ಎಂಬುದನ್ನು ಗಮನಿಸಿ. ಸುಮಾರು ಎರಡು ಯಶಸ್ಸು, ಎರಡು ಸೋಲನ್ನು ಡೇಟಾಗೆ ಸೇರಿಸಿದ ಹಾಗೆ ಅದು ಕೆಲಸ ಮಾಡುತ್ತದೆ. n ದೊಡ್ಡದಾದಂತೆ ಈ ಸೇರ್ಪಡೆಗೆ ತೂಕ ಉಳಿಯುವುದಿಲ್ಲ.

"ನಿಖರ" ವಿಧಾನ

ಕ್ಲಾಪರ್ ಮತ್ತು ಪಿಯರ್ಸನ್ 1934ರಲ್ಲಿ ಕೊಟ್ಟ ವಿಧಾನ ನಾರ್ಮಲ್ ಅಂದಾಜನ್ನು ಬಿಟ್ಟು ನೇರವಾಗಿ ಬೈನಾಮಿಯಲ್ ಸಂಭವನೀಯತೆಗಳನ್ನೇ ಬಳಸುತ್ತದೆ. ಮೇಲ್ಮಿತಿಯಲ್ಲಿ "9 ಅಥವಾ ಕಡಿಮೆ" ಬರುವ ಸಂಭವನೀಯತೆ 0.025 ಆಗಬೇಕು. ಅಂದರೆ p¹⁰ = 0.975, p = 0.997. ಕೆಳಮಿತಿಯಲ್ಲಿ "9 ಅಥವಾ ಹೆಚ್ಚು" ಬರುವುದು 0.025 ಆಗಬೇಕು; ಅದು 0.555ರಲ್ಲಿ ಸಿಗುತ್ತದೆ. ಹೀಗೆ ಅಂತರ 0.555–0.997, ವಿಲ್ಸನ್‌ಗಿಂತ ಅಗಲ.

"ನಿಖರ" ಎಂಬ ಹೆಸರಿಗೆ ಮರುಳಾಗಬಾರದು. ಇದರ ಭರವಸೆ "ಕನಿಷ್ಠ 95%" ಎಂದು ಮಾತ್ರ. ಮೇಲೆ ಮಾಡಿದ ಲೆಕ್ಕವನ್ನೇ, ನಿಜವಾದ p = 0.9 ಇಟ್ಟುಕೊಂಡು, ಮೂರಕ್ಕೂ ಮಾಡಿದರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ವಾಲ್ಡ್ 65%. ವಿಲ್ಸನ್ ಅಂತರ x = 8, 9, 10 ಬಂದಾಗ 0.9 ಅನ್ನು ಹಿಡಿಯುತ್ತದೆ, 7 ಬಂದಾಗ ಸ್ವಲ್ಪದರಲ್ಲಿ ತಪ್ಪಿಸಿಕೊಳ್ಳುತ್ತದೆ, ಒಟ್ಟು 93%. ಕ್ಲಾಪರ್–ಪಿಯರ್ಸನ್ 7ನ್ನೂ ಸೇರಿಸಿಕೊಂಡು 98.7%ಕ್ಕೆ ಹೋಗುತ್ತದೆ. ಎಣಿಕೆ ಪೂರ್ಣಾಂಕಗಳಲ್ಲಿ ಮಾತ್ರ ಬರುವುದರಿಂದ ಸರಿಯಾಗಿ 95ರ ಮೇಲೆ ಕೂರುವ ಸರಳ ವಿಧಾನ ಇಲ್ಲ. ವಿಲ್ಸನ್ ಬೇರೆ ಬೇರೆ p ಬೆಲೆಗಳಲ್ಲಿ 95ರ ಆಚೀಚೆ ಓಲಾಡುತ್ತದೆ. ಕ್ಲಾಪರ್–ಪಿಯರ್ಸನ್ ಎಂದೂ 95ಕ್ಕಿಂತ ಕೆಳಗಿಳಿಯದೆ, ಅದಕ್ಕೆ ಬೆಲೆಯಾಗಿ ಅಗಲವನ್ನು ತೆರುತ್ತದೆ.

ಯಾವುದನ್ನು ಆರಿಸಬೇಕು? ಬ್ರೌನ್, ಕೈ ಮತ್ತು ದಾಸ್‌ಗುಪ್ತ 2001ರ ಪ್ರಬಂಧದಲ್ಲಿ ಸಣ್ಣ n ಇದ್ದಾಗ ವಿಲ್ಸನ್ ಅಥವಾ ಜೆಫ್ರೀಸ್ ಅಂತರವನ್ನು ಶಿಫಾರಸು ಮಾಡಿದ್ದಾರೆ. ನನ್ನ ಅಭಿಪ್ರಾಯವೂ ಅದರ ಹತ್ತಿರವೇ: ವಿವರಣೆಗಾಗಿ ಕೊಡುವ ಅಂತರವಾದರೆ ವಿಲ್ಸನ್. "95ಕ್ಕಿಂತ ಕಡಿಮೆ ಆಗಲೇಬಾರದು" ಎಂಬ ಕಟ್ಟುನಿಟ್ಟು ಇದ್ದರೆ, ಉದಾಹರಣೆಗೆ ಸುರಕ್ಷತೆಯ ಪ್ರಶ್ನೆಯಾದರೆ, ಕ್ಲಾಪರ್–ಪಿಯರ್ಸನ್. ಆದರೆ ಡೇಟಾ ನೋಡುವ ಮೊದಲೇ ಆರಿಸಿಕೊಳ್ಳಬೇಕು. ಎರಡನ್ನೂ ಓಡಿಸಿ ಚೆನ್ನಾಗಿ ಕಾಣುವುದನ್ನು ಇಟ್ಟುಕೊಂಡರೆ 95 ಎಂಬ ಅಂಕಿಗೆ ಅರ್ಥವಿರುವುದಿಲ್ಲ.

ಸಾಫ್ಟ್‌ವೇರ್ ಒಳಗಿನ ಡೀಫಾಲ್ಟ್‌ಗಳು

R ಬಳಸುವವರಿಗೆ:

```r
prop.test(9, 10, correct = FALSE)$conf.int  # 0.596 0.982
binom.test(9, 10)$conf.int                  # 0.555 0.997
```

`correct = FALSE` ಬಿಟ್ಟರೆ `prop.test` ಕಂಟಿನ್ಯೂಟಿ ತಿದ್ದುಪಡಿ ಸೇರಿಸಿ 0.541–0.995 ಕೊಡುತ್ತದೆ. ಅದನ್ನು ಬರೀ "ವಿಲ್ಸನ್" ಎಂದು ಬರೆದರೆ ಬೇರೆಯವರು ಲೆಕ್ಕ ಹಾಕಿದಾಗ ತಾಳೆಯಾಗುವುದಿಲ್ಲ.

ಪೈಥಾನ್‌ನ statsmodelsನಲ್ಲಿ ಅಪಾಯ ಇನ್ನೊಂದು ಬಗೆಯದು:

```python
from statsmodels.stats.proportion import proportion_confint
proportion_confint(9, 10, method="wilson")
proportion_confint(9, 10, method="beta")   # Clopper-Pearson
```

`method` ಕೊಡದಿದ್ದರೆ ಡೀಫಾಲ್ಟ್ `"normal"`, ಅಂದರೆ ವಾಲ್ಡ್. ಜೊತೆಗೆ ಅದು ಮೇಲಿನ ತುದಿಯನ್ನು 1ಕ್ಕೆ ಕತ್ತರಿಸಿಯೇ ಕೊಡುತ್ತದೆ. 0.714–1.0 ಎಂದು ಕಂಡಾಗ ಯಾರಿಗೂ ಸಂಶಯ ಬರುವುದಿಲ್ಲ; 1.086 ಎಂದು ತೋರಿಸಿದ್ದರೆ ತಕ್ಷಣ ಗೊತ್ತಾಗುತ್ತಿತ್ತು. ಸಣ್ಣ ಸ್ಯಾಂಪಲ್‌ನ ವರದಿಯಲ್ಲಿ ಒಂದು ತುದಿ ಸರಿಯಾಗಿ 0 ಅಥವಾ 100ರ ಮೇಲೆ ಕೂತಿದ್ದು, ಎಣಿಕೆ ಮಾತ್ರ 0 ಅಥವಾ n ಅಲ್ಲದಿದ್ದರೆ, ಕತ್ತರಿಸಿದ ವಾಲ್ಡ್ ಇರಬಹುದು ಎಂದು ಅನುಮಾನಿಸಿ.

ಬರೆಯುವುದು

ನಮ್ಮ ಉದಾಹರಣೆಯ ವಾಕ್ಯ ಹೀಗಿರಬಹುದು: "10 ಜನರಲ್ಲಿ 9 ಜನ ಸಹಾಯವಿಲ್ಲದೆ ಫಾರ್ಮ್ ಮುಗಿಸಿದರು (90%; 95% ವಿಶ್ವಾಸಾಂತರ 60%ರಿಂದ 98%, ವಿಲ್ಸನ್ ವಿಧಾನ, ಕಂಟಿನ್ಯೂಟಿ ತಿದ್ದುಪಡಿ ಇಲ್ಲದೆ)." ಎಣಿಕೆ ಮೊದಲು ಬಂದಿದೆ, ಅದಿದ್ದರೆ ಓದುಗರು ಬೇಕಾದ ವಿಧಾನದಲ್ಲಿ ತಾವೇ ಲೆಕ್ಕ ಹಾಕಿಕೊಳ್ಳಬಹುದು. ಇಲ್ಲಿ "90% ± 19%" ಎಂದು ಬರೆಯುವ ಹಾಗಿಲ್ಲ. ಅಂತರ 90ರ ಕೆಳಗೆ 30 ಅಂಶ, ಮೇಲೆ 8 ಅಂಶ ಚಾಚಿದೆ. ± ಆ ಓರೆಯನ್ನು ನುಂಗಿಬಿಡುತ್ತದೆ.

ಹತ್ತು ಜನರ ಡೇಟಾಗೆ 59.58% ಎಂದು ಬರೆಯುವುದು ಆಡಂಬರ, ಪೂರ್ಣಾಂಕ ಸಾಕು. ಒಂದು ಕಡೆ ಮಾತ್ರ ಎಚ್ಚರ ಬೇಕು. ವರದಿಯ ಪ್ರಶ್ನೆಯೇ "ಪ್ರಮಾಣ 60%ಕ್ಕಿಂತ ಹೆಚ್ಚೇ?" ಎಂದಿದ್ದರೆ, ಕೆಳಮಿತಿ 59.6 ಎಂದು ಒಂದು ದಶಮಾಂಶ ಉಳಿಸಿಕೊಳ್ಳಿ. ದುಂಡಾಗಿಸಿದ 60ನ್ನು ನೋಡಿದವರು ಗಡಿ ಮುಟ್ಟಿತು ಎಂದು ಓದುತ್ತಾರೆ, ಆದರೆ ಮುಟ್ಟಿಲ್ಲ.

ಹತ್ತಕ್ಕೆ ಹತ್ತೂ ಬಂದಿದ್ದರೆ? ವಿಲ್ಸನ್ 72%–100%, ಕ್ಲಾಪರ್–ಪಿಯರ್ಸನ್ 69%–100%. ಇಂಥ ಸಂದರ್ಭದಲ್ಲಿ ಕೆಲವರು ಒಂದೇ ಬದಿಯ 95% ಮಿತಿ ಕೊಡುತ್ತಾರೆ, 0.05ರ ಹತ್ತನೇ ಮೂಲ ತೆಗೆದರೆ ಅದು 74%. ಎರಡೂ ಸರಿಯೇ, ಯಾವುದು ಎಂದು ಬರೆದಿರಬೇಕು ಅಷ್ಟೆ. ವಿಫಲತೆಯ ಮೇಲ್ಮಿತಿ 3/n ಎನ್ನುವ "ಮೂರರ ನಿಯಮ" ಇದೇ ಒಂದು ಬದಿಯ ಮಿತಿಯ ಅಂದಾಜು. n = 10ಕ್ಕೆ ಅದು 30% ಎನ್ನುತ್ತದೆ, ಸರಿಯಾದ ಉತ್ತರ 26%. ಇಷ್ಟು ಸಣ್ಣ n ಇದ್ದಾಗ ಆ ಅಡ್ಡದಾರಿ ಬೇಡ.

ಕೊನೆಯದಾಗಿ, n ಎಂದರೆ ಏನೆಂದು ಖಚಿತಪಡಿಸಿಕೊಳ್ಳಿ. 5 ಜನ ತಲಾ ಎರಡು ಸಲ ಪ್ರಯತ್ನಿಸಿದ್ದರೆ ಅದು ಈ ಲೆಕ್ಕದ 10 ಆಗುವುದಿಲ್ಲ: ಮೊದಲ ಸಲ ಮುಗಿಸಿದವರು ಎರಡನೇ ಸಲವೂ ಮುಗಿಸುವ ಸಾಧ್ಯತೆ ಹೆಚ್ಚು, ಹಾಗಾಗಿ ಬರುವ ಅಂತರ ಇರಬೇಕಾದ್ದಕ್ಕಿಂತ ಕಿರಿದಾಗಿರುತ್ತದೆ. ಆ ಹತ್ತು ಜನ ಎಲ್ಲರೂ ಕಂಪ್ಯೂಟರ್ ಬಲ್ಲ ಗೆಳೆಯರೇ ಆಗಿದ್ದರೆ 60–98 ಅಂಥವರಿಗೆ ಮಾತ್ರ ಅನ್ವಯಿಸುತ್ತದೆ. ಇಲ್ಲಿ ಹೇಳಿದ ಯಾವ ವಿಧಾನವೂ ಆಯ್ಕೆಯ ಪಕ್ಷಪಾತವನ್ನು ತನ್ನ ಅಗಲದಲ್ಲಿ ಸೇರಿಸಿಕೊಳ್ಳುವುದಿಲ್ಲ. ಆದ್ದರಿಂದ ಜನರನ್ನು ಹೇಗೆ ಆರಿಸಿದರು ಎಂಬ ಒಂದು ವಾಕ್ಯ ಅಂತರದ ಪಕ್ಕದಲ್ಲೇ ಬರಬೇಕು, ಅನುಬಂಧದಲ್ಲಿ ಅಲ್ಲ.