ಅಜ್ಜ-ಆಯಿಯ ಐವತ್ತಕ್ಕೆ ಏನು ಬರೀಬೇಕ್ರೀ?

ಪ್ರತಿ ಲಗ್ನದ ಸೀಸನ್ನಿಗೂ ಇದೇ ಪ್ರಶ್ನೆ: “ಅಜ್ಜ-ಆಯಿದು ಮದುವಿಯಾಗಿ ಐವತ್ತು ವರ್ಷ. ಮೊಮ್ಮಕ್ಕಳ ಪರವಾಗಿ ಓದಾಕ ನಾಕು ಸಾಲು ಬೇಕು.” ಜೊತೆಗೆ ಒಂದು ಕರಡೂ ಬರುತ್ತದೆ. ಅದರಲ್ಲಿ ತಪ್ಪದೇ ಇರುವ ಸಾಲು: “ಐವತ್ತು ವರ್ಷದಲ್ಲಿ ಒಂದು ದಿನವೂ ಜಗಳವಾಡದ ಆದರ್ಶ ದಂಪತಿ.”

ಈ ಸಾಲನ್ನು ದಯವಿಟ್ಟು ಹೊಡೆದುಹಾಕಿ. ಎಷ್ಟು ಸಲ ಹೇಳಿದರೂ ಮತ್ತೆ ಬರುತ್ತದೆ. ಮಂಟಪದಲ್ಲಿ ಕೂತ ಬೀಗರು, ನೆರೆಯವರು ಎಲ್ಲರಿಗೂ ಅದು ಸುಳ್ಳೆಂದು ಗೊತ್ತು. ಆಯಿಗಂತೂ ಚೆನ್ನಾಗಿ ಗೊತ್ತು. ಒಂದು ಸಾಲು ಸುಳ್ಳೆನಿಸಿದರೆ ಮುಂದಿನ ನಿಜವೂ ಹೊಗಳಿಕೆಯಂತೆ ಕೇಳಿಸುತ್ತದೆ. ಜಗಳ ಬರೆದರೆ ಅವಮಾನವೆಂಬ ಹೆದರಿಕೆ ಬೇಡ, ಆರಿಸಿ ಬರೆಯಿರಿ. ಇಬ್ಬರೂ ನಗುತ್ತ ಹೇಳುವ ಜಗಳ ನಡೆಯುತ್ತದೆ. ಒಬ್ಬರು ಹೇಳುವಾಗ ಇನ್ನೊಬ್ಬರು ಎದ್ದು ಹೋಗುವಂಥದ್ದು ಬೇಡ. ಹೊಲದ ಪಾಲು, ತವರಿನ ಮಾತು, ವರದಕ್ಷಿಣೆ ಬೇಡವೇ ಬೇಡ.

ನೆನಪು ಕೂಡಿಸುವಾಗ ಇಬ್ಬರನ್ನೂ ಬೇರೆಬೇರೆ ಕೂಡಿಸಿ ಕೇಳಿ. ಜೊತೆಗಿದ್ದರೆ ಅಜ್ಜ ಮಾತಾಡುತ್ತಾರೆ, ಆಯಿ “ಹೌದು” ಅನ್ನುತ್ತಾಳೆ, ಅಷ್ಟೇ. “ಆಗ ಹೆಂಗಿತ್ತು?” ಎಂದು ಕೇಳಿದರೆ “ಚಲೋ ಇತ್ತು” ಎಂಬಲ್ಲಿಗೆ ಮಾತು ಮುಗಿಯುತ್ತದೆ. ವಸ್ತು ಹಿಡಿದು ಕೇಳಿ: ಟ್ರಂಕಿನಲ್ಲಿ ಏನೇನು ತಂದಿದ್ದೆ? ರೇಡಿಯೋ ಯಾರು ಕೊಂಡದ್ದು? ಎರಡು ಉತ್ತರ ಹೊಂದದಿದ್ದರೆ ತಿದ್ದಬೇಡಿ, ಬರಹದ ಜೀವ ಅಲ್ಲೇ ಇರುತ್ತದೆ. ಬ್ಯಾಡಗಿ ಕಡೆಯ ಒಂದು ಮನೆಯೆಂದು ಇಟ್ಟುಕೊಂಡರೆ ಹೀಗೆ:

“ಅಜ್ಜಾ, ಆಯಿ, ದಿಬ್ಬಣದ ಚಕ್ಕಡಿ ಹಳ್ಳದಾಗ ಸಿಕ್ಕಿತ್ತಂತ ಅಜ್ಜ ಹೇಳ್ತಾರ, ಹಳ್ಳದಾಗ ನೀರೇ ಇರಲಿಲ್ಲಂತ ಆಯಿ ಹೇಳ್ತಾಳ. ಮೆಣಸಿನಕಾಯಿ ಮಾರಿದ ರೊಕ್ಕದಾಗ ಆಯಿ ಹೊಲಿಗಿ ಮಷಿನ್ ಕೇಳಿದ್ಲು, ಅಜ್ಜ ರೇಡಿಯೋ ತಂದರು. ಆಯಿ ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ ಧಾರವಾಡ ಆಕಾಶವಾಣಿ ಹಚ್ಚಿದಾಕಿ ಆಯಿನೇ. ಮುಂದಿನ ಸುಗ್ಗಿಗೆ ಮಷಿನ್ ಬಂತು. ನಮ್ಮ ಮೊದಲನೇ ಅಂಗಿ ಅದರಾಗ ಹೊಲಿದದ್ದು.”

ಇಷ್ಟೇ ಸಾಕು. ಸಾಲುಗಳನ್ನು ಪಕ್ಕದ ಮನೆಯ ಅಜ್ಜ-ಆಯಿಗೆ ಓದಿ ನೋಡಿ. ಅವರಿಗೂ ಹೊಂದಿದರೆ ಇನ್ನೂ ಬರೆದಿಲ್ಲವೆಂದೇ ಅರ್ಥ. ಓದಲು ಎರಡು ನಿಮಿಷ ಮೀರಬಾರದು, ಊಟದ ಎಲೆ ಹಾಕುವ ಹೊತ್ತು ಅದು.

ಇನ್ನು ಯಾರೂ ಕೇಳದ ಒಂದು ವಿಷಯ. ಹಳೆಯ ಲಗ್ನಪತ್ರಿಕೆ ಸಿಕ್ಕರೆ ಊರಿನ ಮುಂದೆ “ಜಿ. ಧಾರವಾಡ” ಎಂದಿರುತ್ತದೆ. ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಹಾಗಾಗಿ “1976ರಲ್ಲಿ ಹಾವೇರಿ ಜಿಲ್ಲೆಯಲ್ಲಿ” ಎಂದು ಬರೆದು ಹಿರಿಯರ ಕೈಗೆ ಸಿಗಬೇಡಿ. ಪತ್ರಿಕೆಯಲ್ಲಿ ಸಂವತ್ಸರವೂ ಇರುತ್ತದೆ: 1976ರ ಯುಗಾದಿಯಿಂದ ನಳ, ಅದಕ್ಕೂ ಮುಂಚೆ ರಾಕ್ಷಸ. ಅಕ್ಷಯ ತದಿಗೆಯ ಮದುವೆಯಾದರೆ ತಿಥಿ ಮತ್ತು ತಾರೀಖು ಹೊಂದುವುದಿಲ್ಲ. ಆ ವರ್ಷ ಅದು ಮೇ ತಿಂಗಳ ಆರಂಭದಲ್ಲಿತ್ತು, 2026ರಲ್ಲಿ ಏಪ್ರಿಲ್ 19ಕ್ಕೆ. ಯಾವ ದಿನ ಆಚರಿಸಬೇಕೆಂದು ಮೊದಲು ಆಯಿಯನ್ನು ಕೇಳಿ, ಆಮೇಲೆ ಮಂಟಪ ಬುಕ್ ಮಾಡಿ.