ಫ್ಲ್ಯಾಟ್ ರೆಂಡರ್ ಟಿಪ್ಪಣಿ: ಚಂದ ಮಾಡೋದು ಎಲ್ಲೀವರೆಗೆ, ಮೋಸ ಎಲ್ಲಿಂದ

ರೆಂಡರ್ ಅಂದ್ರೆ ಫ್ಲ್ಯಾಟ್ ಮಾರೋಕೆ ಕಂಪ್ಯೂಟರ್ ಮಾಡೆಲಿಂದ ತೆಗೆಯೋ ಚಿತ್ರ. ಅದ್ರಲ್ಲಿ ಪರದೆ, ಕುಶನ್, ಗೋಡೆ ಬಣ್ಣ, ಬಾಲ್ಕನಿ ಕುಂಡ ಎಷ್ಟು ಚಂದ ಮಾಡಿದ್ರೂ ತೊಂದ್ರೆ ಇಲ್ಲ, ತಗೊಂಡವ್ರು ಆಮೇಲೆ ತಾವೇ ಹಾಗೆ ಮಾಡ್ಕೋಬಹುದು. ದುಡ್ಡು ಕೊಟ್ಟ ಮೇಲೆ ಅವ್ರ ಕೈಲಿ ಬದಲಾಯಿಸೋಕೆ ಆಗದೇ ಇರೋದನ್ನ, ಅಂದ್ರೆ ಅಳತೆ, ಬೀಮು, ಕಿಟಕಿ, ಬಿಸಿಲಿನ ದಿಕ್ಕು, ಹೊರಗಿನ ನೋಟ, ಇವನ್ನ ತಿದ್ದಬಾರ್ದು. ನಾನು ಹಾಕ್ಕೊಂಡಿರೋ ಗೆರೆ ಇದು.

ಆದ್ರೆ ಅಳತೆ ಮುಟ್ಟದೇನೇ ರೂಮು ದೊಡ್ಡದಾಗಿ ಕಾಣಿಸ್ಬಹುದು, ನನಗೆ ತಲೆಗೆ ಹತ್ತೋಕೆ ತುಂಬಾ ಹೊತ್ತು ಹಿಡಿದಿದ್ದು ಇದೇ. ಕಾರವಾರದ ಒಂದು ಟೂ ಬಿಎಚ್‌ಕೆ, ಬೆಡ್‌ರೂಮು 10 ಅಡಿ ಅಗಲ 11 ಅಡಿ ಉದ್ದ ಅಂತ ಇಟ್ಕೊಳ್ಳಿ. ಸೆನ್ಸರ್ 36 ಎಂಎಂ ಅಗಲ ಇರೋ ಫುಲ್ ಫ್ರೇಮ್ ಕ್ಯಾಮೆರಾ ಲೆಕ್ಕ ಹೀಗೆ:

```
ಫ್ರೇಮಲ್ಲಿ ಕಾಣೋ ಅಗಲ = ದೂರ × 36 ÷ ಲೆನ್ಸ್ (mm)
```

ಎದುರು ಗೋಡೆಯಿಂದ 10 ಅಡಿ ದೂರ ನಿಂತು 24 ಎಂಎಂ ಹಾಕಿದ್ರೆ 15 ಅಡಿ ಅಗಲ ಸಿಗುತ್ತೆ, 10 ಅಡಿ ಗೋಡೆ ಚಿತ್ರದ ಮೂರರಲ್ಲಿ ಎರಡು ಪಾಲು ತುಂಬುತ್ತೆ. ಅಲ್ಲೇ ನಿಂತು 16 ಎಂಎಂ ಹಾಕಿದ್ರೆ 22.5 ಅಡಿ, ಅದೇ ಗೋಡೆ ಈಗ ಅರ್ಧಕ್ಕಿಂತ ಕಮ್ಮಿ. ಗೋಡೆ ಚಿಕ್ಕದಾದ ಕೂಡ್ಲೇ ನಮ್ಮ ಕಣ್ಣು ಅದು ದೂರ ಇದೆ ಅಂದ್ಕೊಳ್ಳುತ್ತೆ, ಪಕ್ಕದ ಗೋಡೆನೂ ಎಳೆದ ಹಾಗೆ ಉದ್ದ ಕಾಣುತ್ತೆ, ಮಾಡೆಲಲ್ಲಿ ಒಂದಿಂಚೂ ಬದಲಾಗಿಲ್ಲ. ಇನ್ನೊಂದು ದಾರಿ, ಹಿಂದಿನ ಗೋಡೆ ಕ್ಲಿಪ್ ಮಾಡಿ, ಅಂದ್ರೆ ಚಿತ್ರದಲ್ಲಿ ಕಾಣದ ಹಾಗೆ ತೆಗೆದು, ಕ್ಯಾಮೆರಾನ 15 ಅಡಿ ದೂರಕ್ಕೆ ತಗೊಂಡು ಹೋಗಿ 35 ಎಂಎಂ ಹಾಕೋದು. ಅಲ್ಲಿ ಯಾರೂ ನಿಲ್ಲೋಕಾಗಲ್ಲ, ಅದಕ್ಕೇ ಇದೇ ಮೋಸ ಅಂತ ಕಾಣುತ್ತೆ, ಆದ್ರೆ ಲೆಕ್ಕ ಹಾಕಿದ್ರೆ 15.4 ಅಡಿ, ಗೋಡೆ ಮತ್ತೆ ಮೂರರಲ್ಲಿ ಎರಡು ಪಾಲಿನ ಹತ್ರ ಬರುತ್ತೆ, ಮೂಲೆ ಸಾಮಾನೂ ಅಷ್ಟು ಹಿಗ್ಗಲ್ಲ. ಹಾಗಾಗಿ ಗೋಡೆ ತೆಗೆಯೋದು ನನ್ನ ಪ್ರಕಾರ ಸರಿ, 16 ಎಂಎಂ ಸರಿಯಲ್ಲ.

ಎರಡನೇದು ಮಂಚ. ಆರೂವರೆ ಅಡಿ ಮಂಚನ 10 ಅಡಿ ಅಗಲಕ್ಕೆ ಅಡ್ಡ ಹಾಕಿ, ಎದುರಿಗೆ 2 ಅಡಿ ಆಳದ ವಾರ್ಡ್‌ರೋಬ್ ಇಟ್ರೆ ಓಡಾಡೋಕೆ ಉಳಿಯೋದು ಒಂದೂವರೆ ಅಡಿ, ವಾರ್ಡ್‌ರೋಬ್ ಬಾಗ್ಲು ತೆಗೆದ್ರೆ ಮಂಚಕ್ಕೆ ತಾಗೋ ಹಾಗಿರುತ್ತೆ. ಮಂಚನ 85 ಪರ್ಸೆಂಟಿಗೆ ಸ್ಕೇಲ್ ಮಾಡಿದ್ರೆ ಎರಡೂವರೆ ಅಡಿ ಆಗುತ್ತೆ, ಅಂದ್ರೆ ಇಲ್ಲದಿರೋ ಒಂದಡಿ ಜಾಗ ಮಾರಿದ ಹಾಗೆ. ಗೊತ್ತಾಗ್ಬೇಕಂದ್ರೆ ಮಂಚದ ಉದ್ದನ ಅದರ ಹತ್ರ ಇರೋ ರೂಮಿನ ಬಾಗಿಲಿನ ಎತ್ತರದ ಜೊತೆ ಹೋಲಿಸಿ ನೋಡಿ, 7 ಅಡಿ ಬಾಗಿಲಿಗಿಂತ ಮಂಚ ಅರ್ಧ ಅಡಿ ಅಷ್ಟೇ ಕಮ್ಮಿ ಇರ್ಬೇಕು.

ಸಮುದ್ರದ ನೋಟಕ್ಕೆ ಬೇರೆ ಕಡೆ ಫೋಟೋ ಅಂಟಿಸಬೇಡಿ. ಆ ಮಹಡಿ ಎತ್ತರಕ್ಕೇ ಇರೋ ಪಕ್ಕದ ಟೆರೇಸಿಂದ ತೆಗೆದದ್ದೇ ಹಾಕಿ, ನಡುವೆ ತೆಂಗಿನ ತೋಟ ಇದ್ರೆ ಅದೂ ಇರ್ಲಿ. ಆಕಾಶ ಮಳೆಗಾಲದ್ದೇ ಆಗ್ಬೇಕಂತಿಲ್ಲ.

ಕೆಳಗೆ ಸಣ್ಣ ಅಕ್ಷರದಲ್ಲಿ ಇದು ಕಲ್ಪನಾಚಿತ್ರ ಅಂತ ಹಾಕಿದ್ರೆ ಆಯ್ತು ಅಂದ್ಕೋಬೇಡಿ. ರಿಯಲ್ ಎಸ್ಟೇಟ್ ವ್ಯವಹಾರಕ್ಕಿರೋ 2016ರ ರೇರಾ ಕಾಯ್ದೆ 12ನೇ ಸೆಕ್ಷನ್ ಪ್ರಕಾರ ಜಾಹೀರಾತಲ್ಲಿರೋ ತಪ್ಪು ಮಾಹಿತಿ ನಂಬಿ ಮುಂಗಡ ಕೊಟ್ಟು ನಷ್ಟ ಆದ್ರೆ ಫ್ಲ್ಯಾಟ್ ಕಟ್ಟಿ ಮಾರೋ ಪ್ರಮೋಟರ್ ಪರಿಹಾರ ಕೊಡ್ಬೇಕು, ಆ ಕಾರಣಕ್ಕೆ ಖರೀದಿದಾರರು ಹಿಂದೆ ಸರಿದ್ರೆ ಹಾಕಿದ ದುಡ್ಡೆಲ್ಲ ಬಡ್ಡಿ ಸಮೇತ ವಾಪಸ್. ನಾನಂತೂ ರೆಂಡರ್ ಪಕ್ಕದಲ್ಲೇ ಅಳತೆ ಬರೆದ ಪ್ಲಾನು ಇಟ್ಟು, ಕ್ಯಾಮೆರಾ ಎಲ್ಲಿದೆ, ಲೆನ್ಸ್ ಎಷ್ಟು ಅಂತ ಅದ್ರಲ್ಲೇ ಗುರುತು ಹಾಕ್ತೀನಿ.