ಹೊರೆ ಹೊಂದಾಣಿಕೆ: ಫಿಟ್‌ನೆಸ್ ಆ್ಯಪ್ ಕೊಟ್ಟ ವ್ಯಾಯಾಮ ಯೋಜನೆಯನ್ನು ಪರೀಕ್ಷಿಸುವ ಬಗೆ

ವ್ಯಾಯಾಮ ಮಾಡುವವರ ದೇಹ ಈ ವಾರ ಎಷ್ಟನ್ನು ತಾಳಿಕೊಂಡಿತು ಎಂಬುದನ್ನು ನೋಡಿ, ಅದರ ಆಧಾರದ ಮೇಲೆ ಮುಂದಿನ ವಾರದ ತೂಕ, ಸೆಟ್‌ಗಳ ಸಂಖ್ಯೆ, ರೆಪ್‌ಗಳ ಸಂಖ್ಯೆ ಮತ್ತು ವಿಶ್ರಾಂತಿಯನ್ನು ನಿರ್ಧರಿಸುವುದಕ್ಕೆ ಹೊರೆ ಹೊಂದಾಣಿಕೆ ಎನ್ನುತ್ತಾರೆ. ಒಂದು ಚಲನೆಯನ್ನು ಒಮ್ಮೆ ಪೂರ್ತಿ ಮಾಡಿದರೆ ಒಂದು ರೆಪ್; ನಡುವೆ ವಿಶ್ರಾಂತಿಯಿಲ್ಲದೆ ಮಾಡುವ ರೆಪ್‌ಗಳ ಗುಂಪು ಒಂದು ಸೆಟ್. ವಾರವಾರವೂ ತೂಕ ಏರಿಸುತ್ತ ಹೋಗುವುದನ್ನೇ ಹೊಂದಾಣಿಕೆ ಎಂದು ಭಾವಿಸುವವರು ಬಹಳ ಮಂದಿ ಇದ್ದಾರೆ. ಏರಿಕೆ ಅದರ ಒಂದು ಫಲ ಮಾತ್ರ. ಅದೇ ತೂಕದಲ್ಲಿ ನಿಲ್ಲುವುದು, ಇಳಿಸುವುದು, ಕೆಲವೊಮ್ಮೆ ವ್ಯಾಯಾಮವನ್ನೇ ಬದಲಿಸುವುದು ಕೂಡ ಹೊಂದಾಣಿಕೆಯೇ. ಆ್ಯಪ್ ಸಿದ್ಧಪಡಿಸಿದ ಯೋಜನೆಯೊಂದು ಗಾಯದ ವಿಷಯದಲ್ಲಿ ಎಷ್ಟು ಎಚ್ಚರವಾಗಿದೆ, ಅದರ ವ್ಯಾಯಾಮಗಳಲ್ಲಿ ನಿಜವಾದ ವೈವಿಧ್ಯ ಇದೆಯೇ ಎಂಬ ಪ್ರಶ್ನೆಗಳಿಗೂ ಇಲ್ಲಿಂದಲೇ ಉತ್ತರ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಈ ಪರಿಕಲ್ಪನೆಗೆ ವ್ಯವಸ್ಥಿತ ರೂಪ ದೊರೆತದ್ದು ಗಾಯಾಳುಗಳ ಚಿಕಿತ್ಸೆಯಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್, ಗಾಯಗೊಂಡ ಸೈನಿಕರ ಕಾಲಿನ ಸ್ನಾಯುಗಳನ್ನು ಬಲಪಡಿಸಲು ಹಂತಹಂತವಾಗಿ ತೂಕ ಹೆಚ್ಚಿಸುವ ಕ್ರಮವನ್ನು ಬಳಸಿ, 1945ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ರೋಗಿಯು 10 ಬಾರಿ ಎತ್ತಬಲ್ಲ, ಆದರೆ 11ನೆಯ ಬಾರಿ ಎತ್ತಲಾರದ ತೂಕ ಎಷ್ಟೆಂದು ಪರೀಕ್ಷಿಸಿ ಕಂಡುಕೊಂಡು, ಅದನ್ನೇ ಅಭ್ಯಾಸದ ಆಧಾರವಾಗಿ ಇಟ್ಟುಕೊಳ್ಳುವುದು ಅವರ ಪದ್ಧತಿಯ ತಿರುಳು. ಮೊದಲು ಅಳತೆ, ಆಮೇಲೆ ತೂಕ ಎಂಬ ಈ ಅನುಕ್ರಮವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಅನೇಕ ಆ್ಯಪ್‌ಗಳ ಯೋಜನೆಗಳಲ್ಲಿ ಕಾಣೆಯಾಗಿರುವುದು ಇದೇ.

ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ. ಕೆಲವು ತಿಂಗಳುಗಳಿಂದ ಬಾರ್ಬೆಲ್ ಸ್ಕ್ವಾಟ್, ಅಂದರೆ ಭಾರದ ಸರಳನ್ನು ಹೆಗಲ ಮೇಲೆ ಹೊತ್ತು ಮಂಡಿ ಮಡಿಸಿ ಕುಳಿತೇಳುವ ವ್ಯಾಯಾಮ, ಮಾಡುತ್ತಿರುವ ಒಬ್ಬರಿಗೆ ಆ್ಯಪ್ ನಾಲ್ಕು ವಾರಗಳ ಯೋಜನೆಯನ್ನು ಕೊಟ್ಟಿದೆ ಎಂದುಕೊಳ್ಳಿ. ಪ್ರತಿ ವಾರವೂ 8 ರೆಪ್‌ಗಳ 3 ಸೆಟ್. ತೂಕ ಮಾತ್ರ ಕ್ರಮವಾಗಿ 40, 42.5, 45 ಮತ್ತು 47.5 ಕೆ.ಜಿ. ಪ್ರತಿ ಸೆಟ್ಟಿನ ಕೊನೆಯಲ್ಲಿ ಇನ್ನೂ 2 ರೆಪ್ ಮಾಡುವಷ್ಟು ಶಕ್ತಿ ಉಳಿದಿರಬೇಕು ಎಂಬ ಸೂಚನೆಯೂ ಇದೆ. ಮೊದಲ ಎರಡು ವಾರ ಎಲ್ಲವೂ ಹೇಳಿದಂತೆಯೇ ನಡೆಯಿತು. ಮೂರನೆಯ ವಾರ ಅವರಿಗೆ ಸಾಧ್ಯವಾದದ್ದು 8, 7 ಮತ್ತು 5 ರೆಪ್. ಕೊನೆಯ ಸೆಟ್ಟಿನಲ್ಲಿ ಶಕ್ತಿ ಏನೂ ಉಳಿಯಲಿಲ್ಲ. ಅವರು ಇದನ್ನು ಇದ್ದ ಹಾಗೆಯೇ ಆ್ಯಪ್‌ನಲ್ಲಿ ದಾಖಲಿಸಿದರು. ಆದರೂ ನಾಲ್ಕನೆಯ ವಾರದ ಪರದೆಯಲ್ಲಿ 47.5 ಕೆ.ಜಿ. ಎಂದೇ ಇತ್ತು.

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಯೋಜನೆಯ ಪ್ರಕಾರ ಮೂರನೆಯ ವಾರ ಎತ್ತಬೇಕಿದ್ದ ಒಟ್ಟು ಹೊರೆ 45ನ್ನು 24 ರೆಪ್‌ಗಳಿಂದ ಗುಣಿಸಿದಷ್ಟು, ಅಂದರೆ 1,080 ಕೆ.ಜಿ. ಅವರು ನಿಜವಾಗಿ ಮಾಡಿದ್ದು 20 ರೆಪ್, ಅಂದರೆ 900 ಕೆ.ಜಿ. ನಾಲ್ಕನೆಯ ವಾರ ಆ್ಯಪ್ ಕೇಳುತ್ತಿರುವುದು 1,140 ಕೆ.ಜಿ. ಕಾಗದದ ಮೇಲೆ ಇದು ಶೇ 6ಕ್ಕಿಂತ ಕಡಿಮೆ ಏರಿಕೆಯಂತೆ ತೋರುತ್ತದೆ. ಆದರೆ ದೇಹದ ಮಟ್ಟಿಗೆ ಅದು ಸುಮಾರು ಶೇ 27ರಷ್ಟು ಜಿಗಿತ, ಅದೂ ಹಿಂದಿನ ವಾರ ಕೈಸೋತ ಮೇಲೆ. ಈ ಆ್ಯಪ್ ತಾನು ಮೊದಲೇ ಬರೆದಿಟ್ಟದ್ದನ್ನು ನೋಡಿ ಲೆಕ್ಕ ಹಾಕುತ್ತಿದೆಯೇ ಹೊರತು, ಬಳಕೆದಾರರು ಬರೆದದ್ದನ್ನು ಓದುತ್ತಿಲ್ಲ. ಹೊಂದಿಕೊಳ್ಳುವ ಯೋಜನೆಯಾಗಿದ್ದರೆ 45ರಲ್ಲೇ ನಿಂತು 3 ಸೆಟ್ ಪೂರೈಸುವವರೆಗೆ ಕಾಯುತ್ತಿತ್ತು, ಇಲ್ಲವೇ 42.5ಕ್ಕೆ ಇಳಿಯುತ್ತಿತ್ತು, ಆ ದಿನ ನಿದ್ದೆ ಕೆಟ್ಟಿತ್ತೇ, ಎಲ್ಲಿಯಾದರೂ ನೋವಿತ್ತೇ ಎಂದು ಕೇಳಿದ್ದರೆ ಇನ್ನೂ ಒಳ್ಳೆಯದು.

ಆದ್ದರಿಂದ ಯೋಜನೆಯ ಮೌಲ್ಯಮಾಪನಕ್ಕೆ ಅದರ ಮೊದಲ ವಾರದ ಪಟ್ಟಿಯನ್ನು ಓದಿದರೆ ಸಾಲದು. ಮೊದಲ ವಾರದ ಪಟ್ಟಿ ಬಹುತೇಕ ಎಲ್ಲ ಆ್ಯಪ್‌ಗಳಲ್ಲೂ ಚೆನ್ನಾಗಿಯೇ ಇರುತ್ತದೆ. ಕೆಟ್ಟ ಸುದ್ದಿಯನ್ನು ಕೊಟ್ಟು ಅದು ಏನು ಮಾಡುತ್ತದೆಂದು ನೋಡುವುದೇ ಸರಿಯಾದ ಪರೀಕ್ಷೆ. ಒಂದೇ ವಯಸ್ಸು, ತೂಕ, ಅನುಭವ ಮತ್ತು ಗುರಿಯಿರುವ ಎರಡು ಖಾತೆಗಳನ್ನು ತೆರೆದು, ಒಂದರಲ್ಲಿ ಎಲ್ಲ ಸೆಟ್‌ಗಳನ್ನು ಸಲೀಸಾಗಿ ಪೂರೈಸಿದಂತೆಯೂ ಇನ್ನೊಂದರಲ್ಲಿ ಮೇಲಿನ ಉದಾಹರಣೆಯಂತೆ ಎಡವಿದಂತೆಯೂ ದಾಖಲಿಸಿ, ಮುಂದಿನ ವಾರದ ಎರಡು ಯೋಜನೆಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಬೇಕು. ಎರಡೂ ಒಂದೇ ಆಗಿದ್ದರೆ ಆ ಆ್ಯಪ್‌ನಲ್ಲಿ ಹೊಂದಾಣಿಕೆ ಇಲ್ಲ. ಇರುವುದು ಮುಂಚಿತವಾಗಿ ಸಿದ್ಧಪಡಿಸಿದ ಕೋಷ್ಟಕ. ತಾವು ನಿಜವಾಗಿ ಅಭ್ಯಾಸ ಮಾಡುವ ಖಾತೆಯಲ್ಲಿ ಇಂತಹ ಪರೀಕ್ಷೆಯನ್ನು ಮಾಡಬಾರದು, ಏಕೆಂದರೆ ಸುಳ್ಳು ದಾಖಲೆಯನ್ನು ನಂಬುವ ಒಳ್ಳೆಯ ಆ್ಯಪ್ ಮುಂದೆ ತಪ್ಪು ತೂಕವನ್ನೇ ಸೂಚಿಸುತ್ತದೆ.

ಏರಿಕೆಯ ಪ್ರಮಾಣವನ್ನೂ ವ್ಯಾಯಾಮಕ್ಕೆ ತಕ್ಕಂತೆ ನೋಡಬೇಕು. ನಿಗದಿತ ರೆಪ್‌ಗಳಿಗಿಂತ ಒಂದೆರಡು ಹೆಚ್ಚು ಮಾಡಲು ಸಾಧ್ಯವಾದಾಗ ತೂಕವನ್ನು ಶೇ 2ರಿಂದ 10ರಷ್ಟು ಹೆಚ್ಚಿಸಬಹುದು ಎಂದು ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2009ರಲ್ಲಿ ಸಲಹೆ ನೀಡಿತ್ತು. 40 ಕೆ.ಜಿ.ಯ ಸ್ಕ್ವಾಟ್‌ಗೆ 2.5 ಕೆ.ಜಿ. ಸೇರಿಸುವುದು ಈ ಮಿತಿಯೊಳಗೇ ಇದೆ. ಆದರೆ ಭುಜದ ವ್ಯಾಯಾಮಕ್ಕೆ 5 ಕೆ.ಜಿ.ಯ ಡಂಬೆಲ್ ಹಿಡಿದವರಿಗೆ ಅದೇ 2.5 ಕೆ.ಜಿ. ಸೇರಿಸಿದರೆ ಹೊರೆ ಒಂದೂವರೆ ಪಟ್ಟಾಗುತ್ತದೆ. ಅಂತಹ ಕಡೆ ಒಳ್ಳೆಯ ಯೋಜನೆಯು ತೂಕವನ್ನು ಹಾಗೆಯೇ ಇಟ್ಟು, ರೆಪ್‌ಗಳನ್ನು 8ರಿಂದ 12ರವರೆಗೆ ನಿಧಾನವಾಗಿ ಏರಿಸಿ, ಆಮೇಲಷ್ಟೇ ದೊಡ್ಡ ಡಂಬೆಲ್‌ಗೆ ಹೋಗಿ ಮತ್ತೆ 8ರಿಂದ ಆರಂಭಿಸುತ್ತದೆ. ಎಲ್ಲ ವ್ಯಾಯಾಮಗಳಿಗೂ ಒಂದೇ ಅಳತೆಯ ಏರಿಕೆ ಇದ್ದರೆ ಅದನ್ನು ದೋಷವೆಂದೇ ಗುರುತಿಸಬೇಕು.

ಗಾಯದ ಬಗೆಗಿನ ಎಚ್ಚರವನ್ನು ಪರೀಕ್ಷಿಸುವುದು ಇದಕ್ಕಿಂತ ಸೂಕ್ಷ್ಮವಾದ ಕೆಲಸ. ಮೇಲಿನ ಉದಾಹರಣೆಯವರಿಗೆ ಮೂರನೆಯ ವಾರದಲ್ಲಿ ಮಂಡಿಚಿಪ್ಪಿನ ಸುತ್ತ ನೋವು ಕಾಣಿಸಿಕೊಂಡು, ಅವರು ಆ್ಯಪ್‌ನಲ್ಲಿ ‘ಮಂಡಿ ನೋವು’ ಎಂದು ಗುರುತು ಹಾಕಿದರು ಎನ್ನೋಣ. ಸಾಮಾನ್ಯವಾಗಿ ಕಂಡುಬರುವ ಕೊರತೆ ಏನೆಂದರೆ, ಆ್ಯಪ್ ಸ್ಕ್ವಾಟ್ ಎಂಬ ಹೆಸರನ್ನು ಪಟ್ಟಿಯಿಂದ ತೆಗೆದು, ಅದರ ಜಾಗದಲ್ಲಿ ಒಂದು ಕಾಲನ್ನು ಮುಂದಿಟ್ಟು ಮಂಡಿ ಬಾಗಿಸುವ ಲಂಜ್ ಅಥವಾ ಮೆಟ್ಟಿಲು ಹತ್ತುವ ವ್ಯಾಯಾಮವನ್ನು ಇಡುತ್ತದೆ. ದೇಹ ಬೆಚ್ಚಗಾಗಲೆಂದು ಮೊದಲೇ ಕೊಟ್ಟಿದ್ದ ನೆಗೆತಗಳು ಹಾಗೆಯೇ ಉಳಿಯುತ್ತವೆ. ಇವೆಲ್ಲವೂ ಮಂಡಿಯನ್ನು ಭಾರದೊಡನೆ ಬಾಗಿಸುವ ಚಲನೆಗಳೇ. ಹೆಸರು ಬದಲಾಗಿದೆ, ಮಂಡಿಯ ಮೇಲಿನ ಹೊರೆ ಬದಲಾಗಿಲ್ಲ. ಆದ್ದರಿಂದ ಪರಿಶೀಲಿಸುವವರು ವ್ಯಾಯಾಮಗಳ ಹೆಸರನ್ನು ಬಿಟ್ಟು, ವಾರದ ಎಲ್ಲ ದಿನಗಳಲ್ಲೂ ಮಂಡಿಯ ಮೇಲೆ ಭಾರ ಬೀಳುವ ಸೆಟ್‌ಗಳು ಒಟ್ಟು ಎಷ್ಟಿವೆ ಎಂದು ನೋವು ದಾಖಲಿಸುವ ಮುಂಚೆಯೂ ಆಮೇಲೆಯೂ ಎಣಿಸಬೇಕು. ಬೇರೆ ದಿನಕ್ಕೆ ಓಟವಿದ್ದರೆ ಅದನ್ನೂ ಈ ಲೆಕ್ಕಕ್ಕೆ ಸೇರಿಸಬೇಕು.

ಇದರ ವಿರುದ್ಧ ತುದಿಯ ತಪ್ಪೂ ಉಂಟು. ನೋವು ಎಂದ ಕೂಡಲೇ ಕಾಲಿನ ವ್ಯಾಯಾಮಗಳನ್ನೆಲ್ಲ ಅಳಿಸಿಹಾಕಿ ಎರಡು ವಾರಗಳ ನಂತರ ಹಳೆಯ ತೂಕದಿಂದಲೇ ಮತ್ತೆ ಆರಂಭಿಸುವ ಯೋಜನೆಯು ಮೇಲ್ನೋಟಕ್ಕೆ ಎಚ್ಚರದ್ದೆಂದು ಕಂಡರೂ ಅಪಾಯಕಾರಿ, ಏಕೆಂದರೆ ಆ ಅವಧಿಯಲ್ಲಿ ದೇಹದ ತಾಳಿಕೆಯೂ ತಗ್ಗಿರುತ್ತದೆ. ಸೌಮ್ಯವಾದ ನೋವಿಗೆ ಸರಿಯಾದ ಪ್ರತಿಕ್ರಿಯೆ ಇವೆರಡರ ನಡುವೆ ಇದೆ: ತೂಕ ಇಳಿಸಿ, ಹಿಂದೆ ಒಂದು ಪೆಟ್ಟಿಗೆಯನ್ನೋ ಬೆಂಚನ್ನೋ ಇಟ್ಟು ನೋವಿಲ್ಲದಷ್ಟು ಆಳಕ್ಕೆ ಮಾತ್ರ ಕುಳಿತೇಳುವಂತೆ ಮಾಡಿ, ಸೊಂಟದಿಂದ ಬಾಗುವ ಡೆಡ್‌ಲಿಫ್ಟ್‌ನಂತಹ ವ್ಯಾಯಾಮಕ್ಕೆ ಸ್ವಲ್ಪ ಹೆಚ್ಚು ಪಾಲು ಕೊಟ್ಟು, ಮರುದಿನ ಬೆಳಿಗ್ಗೆ ನೋವು ಹೇಗಿದೆ ಎಂದು ವಿಚಾರಿಸುವುದು. ಮರುದಿನದ ಈ ಪ್ರಶ್ನೆಗೆ ನಾನು ಬಹಳ ಬೆಲೆ ಕೊಡುತ್ತೇನೆ. ವ್ಯಾಯಾಮದ ವೇಳೆ ತುಸು ನೋವಿದ್ದು ಮರುದಿನಕ್ಕೆ ಹಿಂದಿನ ಮಟ್ಟಕ್ಕೇ ಇಳಿದಿದ್ದರೆ ಹೊರೆ ಬಹುಮಟ್ಟಿಗೆ ತಾಳಿಕೆಯ ಒಳಗಿದೆ ಎಂದು ತಿಳಿಯಬಹುದು. ಮರುದಿನ ಹೆಚ್ಚಾಗಿದ್ದರೆ ಅಥವಾ ವಾರದಿಂದ ವಾರಕ್ಕೆ ಏರುತ್ತಿದ್ದರೆ ಹೊರೆ ಮೀರಿದೆ.

ಹೊಸ ವ್ಯಾಯಾಮದ ನಂತರ ಒಂದರಿಂದ ಮೂರು ದಿನಗಳ ಕಾಲ ಎರಡೂ ತೊಡೆಗಳಲ್ಲಿ ಹರಡಿರುವ ಸ್ನಾಯು ನೋವನ್ನು, ಒಂದೇ ಕೀಲಿನ ಒಂದು ಬಿಂದುವಿನಲ್ಲಿ ಚುಚ್ಚುವ ನೋವಿನಿಂದ ಆ್ಯಪ್ ಬೇರ್ಪಡಿಸಿ ಕೇಳುತ್ತದೆಯೇ ಎಂಬುದನ್ನೂ ಗಮನಿಸಬೇಕು. ಕೀಲು ಊದಿಕೊಳ್ಳುವುದು, ಸಿಕ್ಕಿಹಾಕಿಕೊಂಡಂತಾಗುವುದು, ಮರಗಟ್ಟುವುದು, ಎದೆನೋವು, ತಲೆಸುತ್ತು ಇವುಗಳನ್ನು ದಾಖಲಿಸಿದಾಗಲೂ ಬದಲಿ ವ್ಯಾಯಾಮವನ್ನು ತೋರಿಸುವ ಆ್ಯಪ್ ಈ ಪರೀಕ್ಷೆಯಲ್ಲಿ ನೇರವಾಗಿ ಅನುತ್ತೀರ್ಣ. ಅಲ್ಲಿ ಇರಬೇಕಾದದ್ದು ನಿಲ್ಲಿಸಿ, ವೈದ್ಯರನ್ನು ಕಾಣಿ ಎಂಬ ಸ್ಪಷ್ಟ ಸೂಚನೆ.

ವೈವಿಧ್ಯದ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ, ಆದರೆ ಮೋಸಹೋಗುವುದು ಸುಲಭ. ಪುಷ್‌ಅಪ್, ಬೆಂಚ್ ಪ್ರೆಸ್, ಓರೆ ಬೆಂಚಿನ ಡಂಬೆಲ್ ಪ್ರೆಸ್, ಡಿಪ್ಸ್ ಎಂಬ ನಾಲ್ಕು ಹೆಸರುಗಳಿದ್ದರೂ ಅವೆಲ್ಲವೂ ತಳ್ಳುವ ಚಲನೆಗಳು. ತಳ್ಳುವುದು, ಎಳೆಯುವುದು, ಮಂಡಿ ಮಡಿಸಿ ಕುಳಿತೇಳುವುದು, ಸೊಂಟದಿಂದ ಬಾಗಿ ಎತ್ತುವುದು, ಭಾರ ಹೊತ್ತು ನಡೆಯುವುದು ಎಂಬ ಚಲನೆಗಳಿಗೆ ವಾರದಲ್ಲಿ ತಲಾ ಎಷ್ಟು ಸೆಟ್ ಸಿಕ್ಕಿದೆ ಎಂದು ಬರೆದುಕೊಂಡರೆ ನಿಜವಾದ ವೈವಿಧ್ಯ ಎಷ್ಟೆಂದು ತಿಳಿಯುತ್ತದೆ. ಇನ್ನೊಂದೆಡೆ, ಬೇಸರ ಬಾರದಿರಲೆಂದು ಪ್ರತಿ ದಿನವೂ ಹೊಸ ವ್ಯಾಯಾಮವನ್ನು ಕೊಡುವ ಆ್ಯಪ್, ಹೊರೆ ಹೊಂದಾಣಿಕೆಯನ್ನೇ ಅಸಾಧ್ಯವಾಗಿಸುತ್ತದೆ. ಕಳೆದ ವಾರ ಸ್ಕ್ವಾಟ್, ಈ ವಾರ ಲೆಗ್ ಪ್ರೆಸ್, ಮುಂದಿನ ವಾರ ಲಂಜ್ ಎಂದಾದರೆ ಯಾವ ತೂಕವನ್ನು ಯಾವುದರೊಡನೆ ಹೋಲಿಸುವುದು? ಮುಖ್ಯವಾದ ನಾಲ್ಕೈದು ವ್ಯಾಯಾಮಗಳನ್ನು ಕೆಲವು ವಾರಗಳ ಕಾಲ ಸ್ಥಿರವಾಗಿಟ್ಟು, ಪೂರಕ ವ್ಯಾಯಾಮಗಳಲ್ಲಿ ಮಾತ್ರ ಬದಲಾವಣೆ ತರುವ ಯೋಜನೆಯೇ ಮೇಲು.

ಈ ಪರೀಕ್ಷೆಗೆ ಮಿತಿಗಳಿವೆ. ಬೆನ್ನು ಬಾಗಿಸಿ ಎತ್ತಿದ ಎಂಟನೆಯ ರೆಪ್ಪೂ ನೇರವಾಗಿ ಎತ್ತಿದ ಎಂಟನೆಯ ರೆಪ್ಪೂ ದಾಖಲೆಯಲ್ಲಿ ಒಂದೇ ಅಂಕೆ. ಎಷ್ಟು ಶಕ್ತಿ ಉಳಿದಿತ್ತು ಎಂಬ ಪ್ರಶ್ನೆಗೆ ಹೊಸಬರು ಕೊಡುವ ಉತ್ತರವೂ ಅನೇಕ ಬಾರಿ ತಪ್ಪಿರುತ್ತದೆ. ಅಲ್ಲದೆ ಕೆಲವು ಆ್ಯಪ್‌ಗಳು ಪ್ರತಿ ವಾರ ಬದಲಾವಣೆ ಮಾಡದೆ, ನಾಲ್ಕು ವಾರಗಳ ಸುತ್ತು ಮುಗಿದ ಮೇಲಷ್ಟೇ ದಾಖಲೆಗಳನ್ನು ಒಟ್ಟಾಗಿ ನೋಡಿ ಮುಂದಿನ ಸುತ್ತನ್ನು ರೂಪಿಸುತ್ತವೆ. ಅಂತಹ ಆ್ಯಪ್‌ನ ತೂಕದ ನಿರ್ಧಾರಗಳ ಬಗ್ಗೆ ಎರಡನೆಯ ಸುತ್ತಿನ ಮೊದಲ ವಾರವನ್ನು ನೋಡಿದ ಮೇಲೆ ತೀರ್ಮಾನಿಸುವುದು ನ್ಯಾಯ; ಆದರೆ ನೋವಿನ ದಾಖಲೆಗೆ ಈ ರಿಯಾಯಿತಿ ಸಲ್ಲದು, ಅದಕ್ಕೆ ಉತ್ತರ ಮರುದಿನದ ಯೋಜನೆಯಲ್ಲೇ ಕಾಣಬೇಕು.